ಬಡ್ಡಿಯ ಮೇಲಿನ ಬಡ್ಡಿ ಮತ್ತು ಬಾಗುವ ಗೆರೆ

ಚಕ್ರಬಡ್ಡಿಯನ್ನು ಚಲಿಸುವ ನಕ್ಷೆಗಳ ಮೂಲಕ ವಿವರಿಸುವ ಒಂದು ಕಿರು ವೀಡಿಯೊಗೆ ಸ್ಕ್ರಿಪ್ಟ್ ಬರೆಯಲು ಕುಳಿತಾಗ ನಾನು ಒಂದು ಕಟ್ಟುಪಾಡು ಹಾಕಿಕೊಂಡಿದ್ದೆ. ಮೊದಲಿನಿಂದ ಕೊನೆಯವರೆಗೆ ಉದಾಹರಣೆ ಒಂದೇ ಇರಬೇಕು, ನಡುವೆ ಅಂಕಿಗಳನ್ನು ಬದಲಿಸಿ ನೋಡುಗರನ್ನು ಗೊಂದಲಕ್ಕೆ ದೂಡಬಾರದು. ಹಾಗೆ ಆರಿಸಿಕೊಂಡ ಉದಾಹರಣೆ ತೀರಾ ಸರಳ: ಅಸಲು 1,000, ವರ್ಷಕ್ಕೆ ಶೇಕಡ 8ರ ಬಡ್ಡಿ, ಅವಧಿ 40 ವರ್ಷ. ನಡುವೆ ಹಣ ಸೇರಿಸುವುದೂ ಇಲ್ಲ, ತೆಗೆಯುವುದೂ ಇಲ್ಲ. ಯಾವ ನಾಣ್ಯವೆಂದು ಹೇಳುವ ಅಗತ್ಯ ಬೀಳಲಿಲ್ಲ, ಏಕೆಂದರೆ ಈ ಲೆಕ್ಕ ನಾಣ್ಯದ ಹೆಸರು ಕೇಳುವುದಿಲ್ಲ.

ಮೊದಲ ವರ್ಷ ಕಳೆದಾಗ 80 ಬಡ್ಡಿ ಸೇರಿ ಮೊತ್ತ 1,080 ಆಗುತ್ತದೆ. ಎರಡನೆಯ ವರ್ಷದ ಕೊನೆಗೆ ಅದು 1,160 ಆಗಬೇಕಿತ್ತಲ್ಲವೇ ಎಂದು ಸರಳಬಡ್ಡಿಯ ರೂಢಿಯಲ್ಲಿರುವ ಮನಸ್ಸು ಕೇಳುತ್ತದೆ. ಆದರೆ ಆಗುವುದು 1,166.40. ಈ 6.40 ಎಲ್ಲಿಂದ ಬಂತೆಂದು ನೋಡಿದರೆ ಚಕ್ರಬಡ್ಡಿಯ ಇಡೀ ಗುಟ್ಟು ಅಲ್ಲೇ ಸಿಗುತ್ತದೆ. ಹೋದ ವರ್ಷ ಬಂದ 80 ಖಾತೆಯಲ್ಲೇ ಉಳಿದು ಅಸಲಿನ ಜೊತೆ ತಾನೂ ದುಡಿದಿದೆ, ಅದರ ಶೇಕಡ 8 ಎಂದರೆ 6.40. ಬಂದ ಬಡ್ಡಿಯನ್ನು ಪ್ರತಿ ವರ್ಷ ತೆಗೆದುಕೊಂಡು ಖರ್ಚು ಮಾಡಿಬಿಟ್ಟಿದ್ದರೆ ಈ 6.40 ಹುಟ್ಟುತ್ತಲೇ ಇರಲಿಲ್ಲ. ಆಗ ಖಾತೆಯ ಹೆಸರು ಏನೇ ಇರಲಿ, ನಮ್ಮ ಪಾಲಿಗೆ ಅದು ಸರಳಬಡ್ಡಿಯೇ.

ಈ ಗುಟ್ಟನ್ನು ಕಣ್ಣಿಗೆ ಕಾಣುವಂತೆ ಮಾಡಲು ಮೊದಲ ನಕ್ಷೆಯಲ್ಲಿ ವರ್ಷಕ್ಕೊಂದರಂತೆ ಕಂಬಗಳು ಏಳುತ್ತವೆ, ಪ್ರತಿ ಕಂಬಕ್ಕೂ ಮೂರು ಬಣ್ಣದ ಪದರಗಳಿರುತ್ತವೆ. ಅಡಿಯಲ್ಲಿರುವ ಬೂದು ಪದರ ಅಸಲು. ಅದು ಎಂದೆಂದಿಗೂ 1,000. ಅದರ ಮೇಲಿನ ನೀಲಿ ಪದರ ಅಸಲಿನ ಮೇಲೆ ಬಂದ ಬಡ್ಡಿ. ಅದು ವರ್ಷಕ್ಕೆ 80ರಂತೆ ಮೆಟ್ಟಿಲು ಹತ್ತಿದ ಹಾಗೆ ಬೆಳೆಯುತ್ತದೆ. ತುದಿಯ ಕೆಂಪು ಪದರ ಬಡ್ಡಿಯ ಮೇಲಿನ ಬಡ್ಡಿ. ಮೊದಲ ಕಂಬದಲ್ಲಿ ಕೆಂಪು ಇಲ್ಲವೇ ಇಲ್ಲ, ಎರಡನೆಯದರಲ್ಲಿ ಅದು 6.40ರಷ್ಟು ಮಾತ್ರ, ಪರದೆಯ ಮೇಲೆ ಕೂದಲೆಳೆಗಿಂತ ದಪ್ಪ ಕಾಣದು. ಹತ್ತನೆಯ ವರ್ಷಕ್ಕೆ ಒಟ್ಟು ಮೊತ್ತ 2,158.92 ಆಗಿರುತ್ತದೆ, ಅದರಲ್ಲಿ ನೀಲಿ 800 ಇದ್ದರೆ ಕೆಂಪು ಇನ್ನೂ 358.92. ಹದಿನೇಳನೆಯ ವರ್ಷದ ಕೊನೆಗೆ ನೀಲಿ 1,360, ಕೆಂಪು 1,340; ಇನ್ನೇನು ಭುಜಕ್ಕೆ ಭುಜ ತಾಗಿದೆ. ಮರುವರ್ಷವೇ ಕೆಂಪು 1,556ಕ್ಕೆ ಏರಿ, 1,440ರಲ್ಲಿರುವ ನೀಲಿಯನ್ನು ಹಿಂದೆ ಹಾಕುತ್ತದೆ. ಅನಿಮೇಷನ್ನನ್ನು ಇಲ್ಲಿ ಎರಡು ಕ್ಷಣ ನಿಲ್ಲಿಸಬೇಕೆಂದು ಸ್ಕ್ರಿಪ್ಟಿನಲ್ಲಿ ಬರೆದಿಟ್ಟೆ, ಏಕೆಂದರೆ ಈ ಲೆಕ್ಕದಲ್ಲಿ ಏನಾದರೂ ತಿರುವು ಇದೆ ಎನ್ನುವುದಾದರೆ ಅದು ಇದೇ. ನಲವತ್ತನೆಯ ಕಂಬದ ಒಟ್ಟು ಎತ್ತರ 21,724.52; ಅದರಲ್ಲಿ ಅಸಲು 1,000, ಅಸಲಿನ ಬಡ್ಡಿ 3,200, ಉಳಿದ 17,524.52 ಪೂರ್ತಿ ಕೆಂಪು.

ಇಲ್ಲಿಯವರೆಗೆ ಎಲ್ಲವೂ ಸರಿಯಿತ್ತು. ತಪ್ಪಿದ್ದು ಎರಡನೆಯ ನಕ್ಷೆಯಲ್ಲಿ, ಅದೂ ನನ್ನ ಕೈಯಿಂದಲೇ. ಕಂಬಗಳ ತುದಿಗಳನ್ನು ಸೇರಿಸಿ ಒಂದು ಗೆರೆ ಎಳೆದು, ಆ ಗೆರೆ ಎಡದಿಂದ ಬಲಕ್ಕೆ ಬೆಳೆಯುತ್ತಾ ಹೋಗುವ ಅನಿಮೇಷನ್ ಮಾಡಿಸಿದ್ದೆ. ಕರಡನ್ನು ನೋಡಿದ ಸ್ನೇಹಿತರೊಬ್ಬರು ಕೇಳಿದ ಮೊದಲ ಪ್ರಶ್ನೆ ಇದು: "ಇಪ್ಪತ್ತೈದನೇ ವರ್ಷದ ಹತ್ತಿರ ಬಡ್ಡಿ ದರ ಹೆಚ್ಚಾಗುತ್ತದೆಯೇ?" ದರ ಹೆಚ್ಚಾಗುವುದಿಲ್ಲ, ಮೊದಲ ವರ್ಷವೂ ಶೇಕಡ 8, ನಲವತ್ತನೆಯ ವರ್ಷವೂ ಶೇಕಡ 8. ಆದರೆ ಗೆರೆ ಬಹಳ ಹೊತ್ತು ನೆಲಕ್ಕೆ ಅಂಟಿಕೊಂಡಂತೆ ಸಾಗಿ, ಆಮೇಲೆ ತಟ್ಟನೆ ತಲೆ ಎತ್ತಿದ ಹಾಗೆ ಕಾಣುತ್ತಿತ್ತು. ಅವರು ಕಂಡದ್ದನ್ನೇ ಕೇಳಿದ್ದರು. ತಪ್ಪು ಅವರ ಕಣ್ಣಿನದಲ್ಲ, ನಕ್ಷೆಯ ಅಳತೆಯದು.

ಅದನ್ನು ಪರೀಕ್ಷಿಸುವುದು ಸುಲಭ. 40 ವರ್ಷದ ನಕ್ಷೆಯಲ್ಲಿ ಲಂಬ ಅಕ್ಷದ ತುದಿ 21,724 ಆಗಿರುವುದರಿಂದ, ಇಪ್ಪತ್ತನೆಯ ವರ್ಷದ 4,661 ಸುಮಾರು ಐದನೆಯ ಒಂದು ಭಾಗದ ಎತ್ತರದಲ್ಲಷ್ಟೇ ನಿಲ್ಲುತ್ತದೆ. ಮೊದಲ ಅರ್ಧ ಚಪ್ಪಟೆಯಾಗಿ ಕಾಣುತ್ತದೆ. ಈಗ ಅದೇ ಲೆಕ್ಕವನ್ನು 80 ವರ್ಷಕ್ಕೆ ಹಿಗ್ಗಿಸಿದರೆ ಮೊತ್ತ 4,71,955 ಆಗುತ್ತದೆ, ಮತ್ತು ಈ ಹೊಸ ಅಕ್ಷದಲ್ಲಿ ನಲವತ್ತನೆಯ ವರ್ಷದ 21,724 ಇಪ್ಪತ್ತನೆಯ ಒಂದು ಭಾಗದಷ್ಟು ಎತ್ತರಕ್ಕೂ ಏರುವುದಿಲ್ಲ. ಸ್ವಲ್ಪ ಹೊತ್ತಿನ ಹಿಂದೆ ಕಡಿದಾದ ಏರಿನಂತೆ ಕಂಡಿದ್ದ ಭಾಗವೇ ಈಗ ಬಯಲು; ಏರು ಬಲಗಡೆಗೆ ಸರಿದುಹೋಗಿದೆ. ಅಂದರೆ ಗೆರೆ "ಮೇಲೇಳುವ" ಜಾಗ ಹಣದಲ್ಲಿ ಇಲ್ಲ, ಚೌಕಟ್ಟಿನಲ್ಲಿದೆ. ಮೊತ್ತ ಬೆಳೆದಂತೆಲ್ಲ ಅಕ್ಷ ತಾನಾಗಿಯೇ ಹಿಗ್ಗುವ ಅನಿಮೇಷನ್ನಿನಲ್ಲಿ ಈ ಮೋಸ ಇನ್ನೂ ಹೆಚ್ಚು: ಗೆರೆಯ ತುದಿ ಸದಾ ಮೇಲಿನ ಬಲ ಮೂಲೆಯಲ್ಲೇ ಇದ್ದು, ಹಳೆಯ ವರ್ಷಗಳು ಒಂದೊಂದಾಗಿ ನೆಲಕ್ಕೆ ಕುಸಿಯುತ್ತಿರುವಂತೆ ತೋರುತ್ತದೆ. ಅಕ್ಷವನ್ನು ಮೊದಲ ಕ್ಷಣದಿಂದಲೇ ಸ್ಥಿರವಾಗಿ ಇಡುವುದು ಇದಕ್ಕೆ ಅರ್ಧ ಪರಿಹಾರ.

ಉಳಿದರ್ಧ ಪರಿಹಾರ ಲಾಗ್ ಅಳತೆಯ ಅಕ್ಷ. ಸಾಮಾನ್ಯ ಅಕ್ಷದಲ್ಲಿ ಸಮಾನ ಅಂತರಕ್ಕೆ ಸಮಾನ ಕೂಡಿಕೆ. ಲಾಗ್ ಅಕ್ಷದಲ್ಲಿ ಸಮಾನ ಅಂತರಕ್ಕೆ ಸಮಾನ ಗುಣಾಕಾರ. ಅಲ್ಲಿ 1,000ದಿಂದ 2,000ಕ್ಕೆ ಇರುವಷ್ಟೇ ದೂರ 8,000ದಿಂದ 16,000ಕ್ಕೂ ಇರುತ್ತದೆ. ನಮ್ಮ ಬಾಗಿದ ಗೆರೆಯನ್ನು ನಿಧಾನವಾಗಿ ಆ ಅಕ್ಷಕ್ಕೆ ವರ್ಗಾಯಿಸಿದರೆ ಅದು ನೋಡನೋಡುತ್ತಿದ್ದಂತೆ ನೇರವಾಗುತ್ತದೆ. ಒಂಬತ್ತನೆಯ ವರ್ಷ 1,999, ಹದಿನೆಂಟಕ್ಕೆ 3,996, ಇಪ್ಪತ್ತೇಳಕ್ಕೆ 7,988, ಮೂವತ್ತಾರಕ್ಕೆ 15,968: ಒಂಬತ್ತು ವರ್ಷಕ್ಕೊಮ್ಮೆ ಹೆಚ್ಚುಕಡಿಮೆ ದುಪ್ಪಟ್ಟು, ಪ್ರತಿ ಸಲವೂ ಒಂದೇ ಎತ್ತರದ ಮೆಟ್ಟಿಲು. ದುಪ್ಪಟ್ಟಾಗುವ ಅವಧಿ ತಿಳಿಯಲು 72ನ್ನು ಬಡ್ಡಿ ದರದಿಂದ ಭಾಗಿಸುವ ಸೂತ್ರ ಇಟಲಿಯ ಗಣಿತಜ್ಞ ಲೂಕಾ ಪಾಚೋಲಿ 1494ರಲ್ಲಿ ಅಚ್ಚು ಹಾಕಿಸಿದ ಗ್ರಂಥದಲ್ಲೇ ಇದೆ; ಕಾರಣ ಮಾತ್ರ ಅಲ್ಲಿಲ್ಲ. ನಮ್ಮ ಉದಾಹರಣೆಯಲ್ಲಿ 72ನ್ನು 8ರಿಂದ ಭಾಗಿಸಿದರೆ 9 ಬರುತ್ತದೆ, ನಿಖರ ಉತ್ತರ 9.006 ವರ್ಷ. ದರ ಬಹಳ ಹೆಚ್ಚಾದಾಗ ಈ ಸೂತ್ರ ಅಷ್ಟು ನಂಬಿಕೆಗೆ ಅರ್ಹವಲ್ಲ: ಶೇಕಡ 36ಕ್ಕೆ ಅದು 2 ವರ್ಷ ಎನ್ನುತ್ತದೆ, ಆದರೆ ಎರಡು ವರ್ಷಕ್ಕೆ ಆ ಮೊತ್ತ 1,850ರ ಹತ್ತಿರ ಮಾತ್ರ ತಲುಪಿರುತ್ತದೆ.

ಮೂರು ಬಣ್ಣದ ಕಂಬಗಳನ್ನು ಮಾತ್ರ ಲಾಗ್ ಅಕ್ಷದ ಮೇಲೆ ನಿಲ್ಲಿಸಬಾರದು. ಆ ಅಕ್ಷದಲ್ಲಿ ಸೊನ್ನೆಗೆ ಜಾಗವೇ ಇಲ್ಲ, ಒಂದರ ಮೇಲೊಂದು ಇಟ್ಟ ಪದರಗಳ ಉದ್ದಕ್ಕೆ ಅರ್ಥವೂ ಇರುವುದಿಲ್ಲ. ಕೆಂಪು ಪದರ ಚಿಕ್ಕದೆಂದು ಅದು ಸುಳ್ಳು ಹೇಳುತ್ತದೆ. ಪಾಲು ತೋರಿಸಲು ಸಾಮಾನ್ಯ ಅಕ್ಷ, ವೇಗ ತೋರಿಸಲು ಲಾಗ್ ಅಕ್ಷ.

ಬಡ್ಡಿಯನ್ನು ವರ್ಷಕ್ಕೊಮ್ಮೆ ಸೇರಿಸುವ ಬದಲು ತಿಂಗಳಿಗೊಮ್ಮೆ ಸೇರಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಸ್ಕ್ರಿಪ್ಟಿನಲ್ಲಿ ಹೆಚ್ಚು ಜಾಗ ಕೊಡಲಿಲ್ಲ. ಮೊದಲ ವರ್ಷದ ಕೊನೆಗೆ 1,080 ಇದ್ದದ್ದು ತಿಂಗಳ ಲೆಕ್ಕದಲ್ಲಿ 1,083.00, ದಿನದ ಲೆಕ್ಕದಲ್ಲಿ 1,083.28, ಕ್ಷಣಕ್ಷಣವೂ ಸೇರಿಸಿದರೂ 1,083.29. ಈ ಮಿತಿಯ ಜಾಡು ಹಿಡಿದೇ ಸ್ವಿಟ್ಜರ್ಲೆಂಡಿನ ಗಣಿತಜ್ಞ ಯಾಕೋಬ್ ಬರ್ನೂಲಿ 1683ರಲ್ಲಿ, ಇಂದು e ಎಂದು ಕರೆಯುವ, ಸುಮಾರು 2.718ರ ಬೆಲೆಯ ಸಂಖ್ಯೆಯ ಬಾಗಿಲಿಗೆ ಬಂದು ನಿಂತದ್ದು. ಗಣಿತಕ್ಕೆ ಅದು ದೊಡ್ಡ ಘಟನೆ, ಉಳಿತಾಯದ ಖಾತೆಗೆ ಅಷ್ಟೇನಲ್ಲ.

ಖಾತೆಯನ್ನು ನಿಜಕ್ಕೂ ಅಲುಗಾಡಿಸುವುದು ದರದಲ್ಲಿ ಆಗುವ ಸಣ್ಣ ಕಡಿತ. ಹಣ ನೋಡಿಕೊಳ್ಳುವವರು ಪ್ರತಿ ವರ್ಷ ಶೇಕಡ 1ರಷ್ಟು ಶುಲ್ಕ ಹಿಡಿದುಕೊಂಡು, ನಮ್ಮ ಕೈಗೆ ಶೇಕಡ 7 ಮಾತ್ರ ಸಿಗುತ್ತದೆ ಎಂದುಕೊಳ್ಳೋಣ. ಮೊದಲ ವರ್ಷ ಎರಡು ಗೆರೆಗಳ ನಡುವಿನ ಅಂತರ ಬರೀ 10. ಪರದೆಯಲ್ಲಿ ಅವು ಒಂದೇ ಗೆರೆ. ನಲವತ್ತನೆಯ ವರ್ಷ ಒಂದು 21,724ರಲ್ಲಿದ್ದರೆ ಇನ್ನೊಂದು 14,974ರಲ್ಲಿ ನಿಂತಿರುತ್ತದೆ. ಹೋದದ್ದು ಶೇಕಡ 1 ಅಲ್ಲ, ಕೊನೆಯ ಮೊತ್ತದ ಶೇಕಡ 31. ಹಣದುಬ್ಬರಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ. ಬೆಲೆಗಳು ವರ್ಷಕ್ಕೆ ಶೇಕಡ 5ರಂತೆ ಏರಿದರೆ, ಆ 21,724ಕ್ಕೆ ನಲವತ್ತು ವರ್ಷಗಳ ನಂತರ ಇರುವ ಕೊಳ್ಳುವ ಶಕ್ತಿ ಇಂದಿನ 3,086ರಷ್ಟು. ಬೆಲೆಯೂ ಚಕ್ರಬಡ್ಡಿಯ ದಾರಿಯಲ್ಲೇ ಬೆಳೆಯುವುದನ್ನು ಮರೆತ ನಕ್ಷೆಗಳೇ ಹೆಚ್ಚು.

ಕೊನೆಯ ನಕ್ಷೆ ನನಗೆ ಹೆಚ್ಚು ಇಷ್ಟವಾದದ್ದು, ಬಹುಶಃ ಅದು ನನ್ನ ಉದಾಹರಣೆಯನ್ನೇ ಪ್ರಶ್ನಿಸುವುದರಿಂದ. ದರ ನಿಶ್ಚಿತವಾಗಿರುವ ಠೇವಣಿಯಲ್ಲಿ ಪ್ರತಿ ವರ್ಷವೂ ಶೇಕಡ 8 ಬರುತ್ತದೆ; ಏರಿಳಿತವಿರುವ ಹೂಡಿಕೆಯಲ್ಲಿ ಶೇಕಡ 8 ಎನ್ನುವುದು ಸರಾಸರಿ ಮಾತ್ರ. ಒಂದು ವರ್ಷ ಶೇಕಡ 28 ಲಾಭ, ಮರುವರ್ಷ ಶೇಕಡ 12 ನಷ್ಟ ಎಂದುಕೊಂಡರೆ ಸರಾಸರಿ ಸರಿಯಾಗಿ ಶೇಕಡ 8. ಆದರೆ ನಮ್ಮ 1,000 ಮೊದಲು 1,280 ಆಗಿ, ಆಮೇಲೆ ಅದರ ಶೇಕಡ 12 ಕಳೆದುಕೊಂಡು 1,126.40ಕ್ಕೆ ಇಳಿಯುತ್ತದೆ, ಸ್ಥಿರ ದರದಲ್ಲಿ ಅದು 1,166.40 ಇರುತ್ತಿತ್ತು. ಸರಾಸರಿಯನ್ನು ಕೂಡಿ ಭಾಗಿಸಿ ಪಡೆದಿದ್ದೇವೆ, ಹಣ ಮಾತ್ರ ಗುಣಾಕಾರದಲ್ಲಿ ಬೆಳೆಯುತ್ತದೆ. ವ್ಯತ್ಯಾಸ ಹುಟ್ಟುವುದು ಅಲ್ಲಿ. ಈ ಜೋಡಿ ವರ್ಷಗಳನ್ನೇ ಇಪ್ಪತ್ತು ಸಲ ಪುನರಾವರ್ತಿಸಿದರೆ ಗರಗಸದ ಹಲ್ಲಿನಂಥ ಗೆರೆಯೊಂದು ಏರುತ್ತಾ ಇಳಿಯುತ್ತಾ ನಲವತ್ತನೆಯ ವರ್ಷ 10,800ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಸ್ಥಿರ ಗೆರೆಯ ಅರ್ಧದಷ್ಟು ಎತ್ತರದಲ್ಲಿ.

ನಷ್ಟದ ವರ್ಷ ಮೊದಲು ಬಂದರೆ ಫಲಿತಾಂಶ ಬದಲಾಗುವುದೇ ಎಂದು ಆ ಸ್ನೇಹಿತರು ಎರಡನೆಯ ಸಲ ಕೇಳಿದರು. ಒಮ್ಮೆಲೇ ಇಟ್ಟು ಮುಟ್ಟದೆ ಬಿಟ್ಟ ಮೊತ್ತದಲ್ಲಿ ಬದಲಾಗುವುದಿಲ್ಲ, ಏಕೆಂದರೆ ಗುಣಾಕಾರಕ್ಕೆ ಕ್ರಮದ ಹಂಗಿಲ್ಲ: 880 ಆಗಿ ಮೇಲೇರಿದರೂ ಸೇರುವುದು ಅದೇ 1,126.40ಕ್ಕೆ. ವರ್ಷವರ್ಷವೂ ಹಣ ಸೇರಿಸುವವರಿಗೆ ಅಥವಾ ತೆಗೆಯುವವರಿಗೆ ಮಾತ್ರ ಯಾವ ವರ್ಷ ಮೊದಲು ಬಂತು ಎಂಬುದು ಲೆಕ್ಕಕ್ಕೆ ಬರುತ್ತದೆ. ಅದನ್ನು ತೋರಿಸಲು ನನ್ನ ಒಂದೇ ಒಂದು ಉದಾಹರಣೆ ಸಾಲದಾಗಿ, ಸ್ಕ್ರಿಪ್ಟನ್ನು ಆ ಗರಗಸದ ಗೆರೆಯ ಮೇಲೆಯೇ ನಿಲ್ಲಿಸಿದೆ.