ರಾತ್ರೋರಾತ್ರಿ ಸಂಪಿನ ನೀರು ಇಳಿಯುತ್ತಿದೆಯಾ?

ಪ್ರಶ್ನೆ: ನಮ್ಮದು ರಾಯಚೂರು. ಸಂಪು 8 ಅಡಿ ಉದ್ದ, 6 ಅಡಿ ಅಗಲ ಇದೆ. ರಾತ್ರಿ ಯಾರೂ ನೀರು ಬಳಸುವುದಿಲ್ಲ. ಆದರೂ ಬೆಳಿಗ್ಗೆ ನೋಡಿದರೆ 3 ಇಂಚು ಇಳಿದಿರುತ್ತದೆ. ಸಂಪು ಬಿರುಕು ಬಿಟ್ಟಿದೆಯಾ, ಪೈಪ್ ಸೋರುತ್ತಿದೆಯಾ?

ಉತ್ತರ: ನಿಮ್ಮ ಸಂಪಿನಲ್ಲಿ 1 ಇಂಚು ಅಂದರೆ ಸುಮಾರು 113 ಲೀಟರ್. 3 ಇಂಚಿಗೆ 340 ಲೀಟರ್ ಹತ್ತಿರ ಆಯಿತು. ಮುಚ್ಚಿದ ಸಂಪಿನಲ್ಲಿ ಇಷ್ಟು ನೀರು ಸುಮ್ನೆ ಆರಿ ಹೋಗುವುದಿಲ್ಲ. ಆದರೆ ಈಗಲೇ ನೆಲ ಅಗೆಸಬೇಡಿ. ಎರಡು ರಾತ್ರಿ ಪರೀಕ್ಷೆ ಮಾಡಿ.

ಮೊದಲ ರಾತ್ರಿ ಮೋಟಾರಿನ ಮೇನ್ ಸ್ವಿಚ್ ಆಫ್ ಮಾಡಿ, ನಳದಿಂದ ಸಂಪಿಗೆ ಬರುವ ವಾಲ್ವ್ ಮುಚ್ಚಿ. ಸಂಪಿನ ನೀರಿಗೆ ಕೋಲು ಇಳಿಸಿ ಗುರುತು ಹಾಕಿ. ಮೇಲಿನ ಟ್ಯಾಂಕಿನ ಮಟ್ಟವನ್ನೂ ಗುರುತಿಸಿ.

ಬೆಳಿಗ್ಗೆ ಸಂಪು ಹಾಗೇ ಇದ್ದು ಮೇಲಿನ ಟ್ಯಾಂಕ್ ಇಳಿದಿದ್ದರೆ, ಸೋರಿಕೆ ಮೇಲಿನಿಂದ ಬರುವ ಲೈನಿನಲ್ಲಿದೆ. ಆಟೋಮ್ಯಾಟಿಕ್ ಮೋಟಾರು ಇದ್ದ ಮನೆಗಳಲ್ಲಿ ಇದು ಜಾಸ್ತಿ. ಟ್ಯಾಂಕ್ ಖಾಲಿಯಾದ ಹಾಗೆ ಮೋಟಾರು ತಾನೇ ಓಡಿ ಸಂಪನ್ನು ಎಳೆಯುತ್ತದೆ. ನಾವು ಸಂಪಿನ ಮೇಲೆ ಅನುಮಾನ ಪಡುತ್ತೇವೆ.

ಎರಡೂ ಹಾಗೇ ಇದ್ದರೆ, ಎರಡನೇ ರಾತ್ರಿ ಮೋಟಾರು ಆಫ್ ಇಟ್ಟೇ ನಳದ ವಾಲ್ವ್ ಮಾತ್ರ ತೆರೆಯಿರಿ. ಆಗ ಸಂಪು ಇಳಿದರೆ ನಳದ ಪೈಪಿನ ತುದಿ ನೀರಿನೊಳಗೆ ಮುಳುಗಿದೆಯಾ ನೋಡಿ. ನಮ್ಮೂರುಗಳಲ್ಲಿ ನೀರು ಬಿಟ್ಟು ಬಿಟ್ಟು ಬರುತ್ತದಲ್ವಾ? ಬೀದಿಯ ಲೈನ್ ಖಾಲಿಯಾದಾಗ ನಿಮ್ಮ ನೀರೇ ಆ ಪೈಪಿನಲ್ಲಿ ವಾಪಸ್ ಹೋಗುತ್ತದೆ. ಪೈಪಿನ ತುದಿಯನ್ನು ಸಂಪು ತುಂಬಿದಾಗಿನ ಮಟ್ಟಕ್ಕಿಂತ ಮೇಲೆ ಬರುವಂತೆ ಕತ್ತರಿಸಿದರೆ ಸಾಕು.

ಮೊದಲ ರಾತ್ರಿ ಮೋಟಾರು ಆಫ್ ಇದ್ದು, ವಾಲ್ವ್ ಮುಚ್ಚಿದ್ದರೂ ಸಂಪು ಇಳಿದರೆ ಬಿರುಕು ಸಂಪಿನದ್ದೇ. ಹಾಗೆಯೇ ಬಿಟ್ಟು ದಿನಾ ಗುರುತು ಹಾಕುತ್ತಾ ಹೋಗಿ. ಇಳಿತ ಎಲ್ಲಿ ನಿಲ್ಲುತ್ತದೋ ಬಿರುಕಿನ ಕೆಳತುದಿ ಅಲ್ಲೇ ಇರುತ್ತದೆ. ಆ ಮಟ್ಟದ ಸುತ್ತ ಗೋಡೆ ನೋಡಿ, ಪೈಪ್ ಒಳಬರುವ ಜಾಗ ಅಲ್ಲಿದ್ದರೆ ಅದನ್ನು ಮೊದಲು ನೋಡಿ. ನಿಲ್ಲದೆ ತಳದವರೆಗೂ ಇಳಿದರೆ ತಳ, ಇಲ್ಲವೇ ಗೋಡೆ ತಳ ಸೇರುವ ಮೂಲೆ.

ನಮ್ಮ ಎರೆಮಣ್ಣಿನಲ್ಲಿ ಈ ಮೂಲೆಗಳೇ ಮೊದಲು ಬಿಡುವುದು. ಆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಗೋಡೆ ಒಮ್ಮೆ ಒತ್ತಡಕ್ಕೆ, ಒಮ್ಮೆ ಆಸರೆಯಿಲ್ಲದೆ ನಿಲ್ಲುತ್ತದೆ. ಬಿರುಕಿನ ಮೇಲೆ ಬರೀ ಸಿಮೆಂಟ್ ಬಳಿದರೆ ಮುಂದಿನ ಬೇಸಿಗೆಗೆ ಮತ್ತೆ ಬಿಡುತ್ತದೆ. ಬಿರುಕನ್ನು ಕೊರೆದು ಅಗಲ ಮಾಡಿ, ಧೂಳು ತೆಗೆದು, ಕುಗ್ಗದ ಗ್ರೌಟ್ ತುಂಬಿಸಿ. ಆಮೇಲೆ ಕುಡಿಯುವ ನೀರಿಗೆ ತಕ್ಕ ವಾಟರ್‌ಪ್ರೂಫ್ ಲೇಪನ ಹಾಕಿಸಿ.

ಒಂದು ಮಾತು ದಯವಿಟ್ಟು ಕೇಳಿ. ಖಾಲಿ ಸಂಪಿಗೆ ಒಬ್ಬರೇ ಇಳಿಯಬೇಡಿ. ಮುಚ್ಚಿಟ್ಟ ಸಂಪಿನಲ್ಲಿ ಗಾಳಿ ಕೆಟ್ಟು ಜೀವ ಹೋಗಿರುವುದುಂಟು. ಮುಚ್ಚಳ ಗಂಟೆಗಟ್ಟಲೆ ತೆರೆದಿಟ್ಟು, ಫ್ಯಾನ್‌ನಿಂದ ಗಾಳಿ ಹಾಯಿಸಿ, ಮೇಲೆ ಒಬ್ಬರು ನಿಂತಿದ್ದಾಗಲೇ ಕೆಲಸದವರನ್ನು ಇಳಿಸಿ.

ರಿಪೇರಿ ಒಣಗಿದ ಮೇಲೆ ಸಂಪು ತುಂಬಿಸಿ ಒಂದು ದಿನ ಬಿಡಿ. ಹೊಸ ಗಾರೆ ಮೊದಲು ಒಂದಿಷ್ಟು ನೀರು ಕುಡಿಯುತ್ತದೆ. ಆಮೇಲೆ ಹಾಕುವ ಗುರುತೇ ನಿಜವಾದ ಲೆಕ್ಕ.