ಸರ್ಕಾರಿ ಜಾಹೀರಾತು: ಮಾಹಿತಿ ಯಾವುದು, ಪಕ್ಷದ ಪ್ರಚಾರ ಯಾವುದು?

ಸರ್ಕಾರಿ ಸಂವಹನದ ಪಾಠದಲ್ಲಿ ಈ ಪ್ರಶ್ನೆಗೆ ಉತ್ತರ ಬರೆಯುವಾಗ ಹೆಚ್ಚಿನವರು ‘ಸುಳ್ಳು ಹೇಳಿದರೆ ಪ್ರಚಾರ, ನಿಜ ಹೇಳಿದರೆ ಮಾಹಿತಿ’ ಎಂದು ಮುಗಿಸಿಬಿಡುತ್ತಾರೆ. ಅದು ಸಾಲದು. ಪ್ರತಿಯೊಂದು ಅಂಕಿಯೂ ನಿಜವಾಗಿದ್ದು, ಒಟ್ಟು ಜಾಹೀರಾತು ಆಳುವ ಪಕ್ಷದ ಪರವಾದ ಪ್ರಚಾರವೇ ಆಗಿರಬಹುದು. ಭಾರತದ ಮಟ್ಟಿಗೆ ಇಲ್ಲಿ ಹಿಡಿದುಕೊಳ್ಳಬೇಕಾದ ಆಧಾರ ‘ಕಾಮನ್ ಕಾಸ್’ ಎಂಬ ಸ್ವಯಂಸೇವಾ ಸಂಸ್ಥೆ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರ ಮೇ 13ರಂದು ಕೊಟ್ಟ ತೀರ್ಪು.

ಅದಕ್ಕೂ ಮುನ್ನ, 2014ರಲ್ಲಿ, ಸರ್ಕಾರಿ ಜಾಹೀರಾತಿಗೆ ಮಾರ್ಗಸೂಚಿ ರೂಪಿಸಲು ಕೋರ್ಟ್ ಮೂವರ ಸಮಿತಿ ನೇಮಿಸಿತ್ತು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಕಟ್ಟಿದ ಎನ್.ಆರ್. ಮಾಧವ ಮೆನನ್ ಅದರಲ್ಲಿದ್ದರು. ಸಮಿತಿಯ ಶಿಫಾರಸಿನ ಬಹುಪಾಲನ್ನು ಕೋರ್ಟ್ ಒಪ್ಪಿತು. ಸಾರ ಇಷ್ಟು: ಜಾಹೀರಾತು ಸರ್ಕಾರದ ಹೊಣೆಗಾರಿಕೆಗೆ ಸಂಬಂಧಪಟ್ಟಿರಬೇಕು, ವಸ್ತುನಿಷ್ಠವಾಗಿರಬೇಕು, ಆಳುವ ಪಕ್ಷದ ಹಿತ ಕಾಯಬಾರದು, ಖರ್ಚಿಗೆ ತಕ್ಕ ಸಮರ್ಥನೆ ಇರಬೇಕು, ಕಾನೂನು ಮತ್ತು ಹಣಕಾಸು ನಿಯಮ ಮೀರಬಾರದು.

ಸುದ್ದಿಯಾದದ್ದು ಮಾತ್ರ ಫೋಟೊ ವಿಚಾರ. ರಾಷ್ಟ್ರಪತಿ, ಪ್ರಧಾನಿ, ಭಾರತದ ಮುಖ್ಯ ನ್ಯಾಯಮೂರ್ತಿ ಈ ಮೂವರನ್ನು ಬಿಟ್ಟು ಅಧಿಕಾರದಲ್ಲಿರುವ ಬೇರೆ ಯಾರ ಫೋಟೊವೂ ಬೇಡ ಎಂದಿತ್ತು ತೀರ್ಪು. ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಮರುಪರಿಶೀಲನೆ ಕೋರಿದವು. 2016ರ ಮಾರ್ಚ್ 18ರಂದು ರಾಜ್ಯಪಾಲರು, ಮುಖ್ಯಮಂತ್ರಿಗಳು ಮತ್ತು ಸಚಿವರಿಗೂ ಅವಕಾಶ ಸಿಕ್ಕಿತು. ಫೋಟೊದ ಮೇಲೆ ಇಷ್ಟೊಂದು ಗಮನ ಹೋದದ್ದು ಸರಿಯಲ್ಲ. ಫೋಟೊ ತೆಗೆದರೂ ಪ್ರಚಾರ ಪಠ್ಯದೊಳಗೇ ಉಳಿದಿರುತ್ತದೆ, ನೋಡಿ.

ಫಸಲ್ ಬಿಮಾ ಯೋಜನೆಯ ಒಂದು ಕಲ್ಪಿತ ಜಾಹೀರಾತು ತೆಗೆದುಕೊಳ್ಳೋಣ. ತಲೆಬರಹ: ‘ರೈತರ ಕೈ ಹಿಡಿದ ನಮ್ಮ ಸರ್ಕಾರ’. ಕೆಳಗೆ: ‘ಈ ವರ್ಷದಿಂದ ನಿಮ್ಮ ಬೆಳೆಗೆ ವಿಮಾ ರಕ್ಷಣೆ. ಕಳೆದ ವರ್ಷಕ್ಕಿಂತ ಮೂರು ಪಟ್ಟು ಹೆಚ್ಚು ಪರಿಹಾರ’.

ತಲೆಬರಹದಲ್ಲಿ ರೈತನಿಗೆ ಕೆಲಸಕ್ಕೆ ಬರುವ ಒಂದು ಪದವೂ ಇಲ್ಲ. ‘ಈ ವರ್ಷದಿಂದ’ ಎನ್ನುವುದು ತಪ್ಪು, ಏಕೆಂದರೆ ಯೋಜನೆ 2016ರಿಂದ ಇದೆ. ಹಳೆಯದನ್ನು ಹೊಸದೆಂದು ತೋರಿಸಬಾರದು ಎಂಬ ನಿಯಮ ಮಾರ್ಗಸೂಚಿಯಲ್ಲೇ ಇದೆ. ಎಲ್ಲಕ್ಕಿಂತ ಮೋಸದ ಮಾತು ‘ಮೂರು ಪಟ್ಟು’. ಅಂಕಿ ನಿಜವೇ ಇರಬಹುದು. ಆದರೆ ಬೆಳೆ ವಿಮೆಯ ಪರಿಹಾರ ಏರುವುದು ಸಾಮಾನ್ಯವಾಗಿ ಬೆಳೆ ಕೈಕೊಟ್ಟ ವರ್ಷ. ಬರಗಾಲದ ಲೆಕ್ಕವನ್ನು ಸರ್ಕಾರದ ಸಾಧನೆಯ ಲೆಕ್ಕವಾಗಿ ಓದಿಸಿದಂತಾಯಿತು. ಹೋಲಿಕೆ ಮಾಡಿದರೆ ಅದರ ಆಧಾರ ಹೇಳಬೇಕು: ಎಷ್ಟು ಹೆಕ್ಟೇರಿಗೆ ವಿಮೆ ಆಗಿತ್ತು, ಎಷ್ಟು ರೈತರಿಗೆ ಹಣ ಬಂತು, ಎಷ್ಟು ಬಾಕಿ ಇದೆ. ಬಾಕಿಯ ಅಂಕಿ ಕಾಣೆಯಾಗಿದ್ದರೆ ಅನುಮಾನ ಪಡಬಹುದು.

ಇದೇ ಜಾಗದಲ್ಲಿ ಮಾಹಿತಿ ಕೊಡುವುದಾದರೆ ಹೀಗೆ ಬರೆಯಬೇಕು: ‘ಮುಂಗಾರು ಆಹಾರ ಬೆಳೆಗೆ ರೈತರು ಕಟ್ಟಬೇಕಾದ ಕಂತು ವಿಮಾ ಮೊತ್ತದ ಗರಿಷ್ಠ ಶೇ 2, ಹಿಂಗಾರಿಗೆ ಶೇ 1.5, ವಾರ್ಷಿಕ ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5. ಆಲಿಕಲ್ಲು ಮಳೆ, ಭೂಕುಸಿತದಂಥ ಸ್ಥಳೀಯ ವಿಕೋಪದಿಂದ ಹಾನಿಯಾದರೆ 72 ಗಂಟೆಯೊಳಗೆ ತಿಳಿಸಬೇಕು’. ಇದರ ಜೊತೆಗೆ ನಿಮ್ಮ ಹೋಬಳಿಯಲ್ಲಿ ಯಾವ ಬೆಳೆಗೆ ವಿಮೆ ಇದೆ, ನೋಂದಣಿಗೆ ಕೊನೆಯ ದಿನ ಯಾವುದು, ಹಾನಿಯನ್ನು ಯಾವ ಸಂಖ್ಯೆಗೆ ತಿಳಿಸಬೇಕು ಎಂಬುದೂ ಬರಬೇಕು. ಓದಿದ ರೈತ ಮುಂದೇನು ಮಾಡಬೇಕೆಂದು ತಿಳಿದುಕೊಂಡರೆ ಅದು ಮಾಹಿತಿ. ಯಾರನ್ನು ಹೊಗಳಬೇಕು ಎಂಬುದಷ್ಟೇ ತಿಳಿದರೆ ಅದು ಪ್ರಚಾರ.

ಪಠ್ಯ ಸರಿಯಿದ್ದರೂ ಸಮಯ ಕೆಡಿಸಬಹುದು. ನೋಂದಣಿ ಮುಗಿದ ಮೇಲೆ ಬಂದ ಪೂರ್ಣಪುಟದಿಂದ ಯಾವ ರೈತನಿಗೂ ಉಪಯೋಗವಿಲ್ಲ. ಚುನಾವಣೆ ಘೋಷಣೆಯಾದ ಮೇಲಂತೂ ಸರ್ಕಾರಿ ಹಣದಲ್ಲಿ ಸಾಧನೆಯ ಜಾಹೀರಾತು ಕೊಡುವುದನ್ನು ಮಾದರಿ ನೀತಿಸಂಹಿತೆ ತಡೆಯುತ್ತದೆ. ಆದರೆ ಘೋಷಣೆಯ ಹಿಂದಿನ ವಾರಗಳಿಗೆ ಆ ಸಂಹಿತೆ ಅನ್ವಯಿಸುವುದಿಲ್ಲ. ಹೀಗಾಗಿ ಆ ವಾರಗಳ ಪತ್ರಿಕೆಗಳನ್ನು ತಪ್ಪದೆ ನೋಡಬೇಕು.

ಜಾರಿಯೇ ದುರ್ಬಲ ಕೊಂಡಿ. ದೂರು ಕೇಳಲು ಮೂವರು ಸದಸ್ಯರ ಸಮಿತಿಗಳಿರಬೇಕು ಎಂದು ಕೋರ್ಟ್ ಹೇಳಿತ್ತು. ದೆಹಲಿ ಸರ್ಕಾರದ ಜಾಹೀರಾತುಗಳ ಬಗ್ಗೆ ಕೇಂದ್ರದ ಸಮಿತಿ 2016ರಲ್ಲಿ ಆಕ್ಷೇಪ ಎತ್ತಿತು. ಆಗ ದೆಹಲಿ ಆಳುತ್ತಿದ್ದ ಆಮ್ ಆದ್ಮಿ ಪಕ್ಷಕ್ಕೆ ಬಡ್ಡಿಯೂ ಸೇರಿ ಸುಮಾರು 163.62 ಕೋಟಿ ರೂಪಾಯಿ ವಸೂಲಿ ನೋಟಿಸ್ ಹೋದದ್ದು 2023ರ ಜನವರಿಯಲ್ಲಿ. ಅಷ್ಟರಲ್ಲಿ ದೆಹಲಿಯಲ್ಲಿ 2020ರ ವಿಧಾನಸಭಾ ಚುನಾವಣೆ ನಡೆದುಹೋಗಿತ್ತು.

ಸ್ವತಃ ಪರಿಶೀಲಿಸುವವರು ಮಾಹಿತಿ ಹಕ್ಕಿನಡಿ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಗೆ ಅರ್ಜಿ ಹಾಕಬಹುದು. ‘ಜಾಹೀರಾತಿಗೆ ಎಷ್ಟು ಖರ್ಚಾಯಿತು’ ಎಂದಷ್ಟೇ ಕೇಳಿದರೆ ಒಂದು ಒಟ್ಟು ಮೊತ್ತ ಕೊಟ್ಟು ಕೈತೊಳೆದುಕೊಳ್ಳಬಹುದು. ಜಾಹೀರಾತು ಪ್ರಕಟಿಸಲು ಪತ್ರಿಕೆಗೆ ಕೊಟ್ಟ ಬಿಡುಗಡೆ ಆದೇಶದ ಪ್ರತಿ, ಪ್ರಕಟವಾದ ದಿನಾಂಕ, ಪತ್ರಿಕೆವಾರು ಮೊತ್ತ, ಯಾವ ಇಲಾಖೆಯ ಕೋರಿಕೆ ಎಂದು ಬಿಡಿಸಿ ಕೇಳಿ. ಪತ್ರಿಕೆವಾರು ಪಟ್ಟಿ ಮುಖ್ಯ. ಹೊಗಳಿ ಬರೆಯುವ ಪತ್ರಿಕೆಗೆ ಹೆಚ್ಚು, ಟೀಕಿಸುವ ಪತ್ರಿಕೆಗೆ ಕಡಿಮೆ ಎಂಬಂತೆ ಜಾಹೀರಾತು ಹಂಚಿಕೆಯಾಗಿದ್ದರೆ ಆ ಪಟ್ಟಿಯಲ್ಲೇ ಕಾಣುತ್ತದೆ.