ಮನೆಯವರ ದುಡಿಮೆಗೆ ಕೂಲಿ ಬರೆಯಬೇಕೇ?

ಪ್ರಶ್ನೆ: ನಮ್ಮದು ಹಾಸನದ ಕಡೆ ಎರಡು ಎಕರೆ. ಒಂದೆಕರೆ ರಾಗಿ, ಒಂದೆಕರೆ ಮುಸುಕಿನ ಜೋಳ. ಮನೆಯವರೇ ದುಡಿಯುತ್ತೇವೆ. ಯಾವುದರಲ್ಲಿ ಲಾಭ?

ಪ್ರತಿ ಸುಗ್ಗಿಯಲ್ಲೂ ಈ ಪ್ರಶ್ನೆ ಬರುತ್ತದೆ, ಜೊತೆಗೆ ‘ನಮ್ಮ ಆಳು ನಾವೇ, ಖರ್ಚೇನು ಬಂತು?’ ಎಂಬ ಮಾತೂ ಬರುತ್ತದೆ. ಲೆಕ್ಕ ಕೆಡುವುದೇ ಆ ಮಾತಿನಿಂದ.

ಅಂದಾಜಿಗೆ ಹೀಗಿಟ್ಟುಕೊಳ್ಳಿ. ರಾಗಿ 12 ಕ್ವಿಂಟಾಲ್, ಕ್ವಿಂಟಾಲಿಗೆ 3,500 ರೂಪಾಯಿಯಂತೆ 42,000. ಕೈಯಿಂದ ಹೋದದ್ದು 12,000, ಉಳಿದದ್ದು 30,000. ಜೋಳ 22 ಕ್ವಿಂಟಾಲ್, 2,000ದಂತೆ 44,000. ಬೀಜ, ಗೊಬ್ಬರ, ಒಕ್ಕಣೆ ಮಿಷನ್ ಸೇರಿ 20,000 ಹೋಗಿ ಉಳಿದದ್ದು 24,000. ‘ರಾಗಿಯೇ ಮೇಲು’ ಎಂದು ಪುಸ್ತಕ ಮುಚ್ಚುವುದು ಇಲ್ಲೇ.

ಈಗ ಮನೆಯ ಆಳನ್ನು ಬರೆಯಿರಿ. ಕಳೆ, ಕೊಯ್ಲು, ಕಣದ ಕೆಲಸ ಸೇರಿ ರಾಗಿಗೆ 30 ಆಳು, ಜೋಳಕ್ಕೆ 10. ಅದೇ ವಾರ ನಿಮ್ಮೂರಲ್ಲಿ ಹೊರಗಿನವರಿಗೆ ಕೊಡುವ ಕೂಲಿಯನ್ನೇ ಹಾಕಿ. 500 ಎಂದರೆ ರಾಗಿಗೆ 15,000, ಜೋಳಕ್ಕೆ 5,000. ರಾಗಿಗೆ ಎರಡು ಲೋಡ್ ಕೊಟ್ಟಿಗೆ ಗೊಬ್ಬರ ಹೊಡೆದಿದ್ದೀರಿ, ಊರಿನ ಬೆಲೆಗೆ 8,000. ಅದರ ಸಾರ ಮುಂದಿನ ಬೆಳೆಗೂ ಉಳಿಯುವುದರಿಂದ ಈ ವರ್ಷಕ್ಕೆ ಅರ್ಧ, 4,000 ಸಾಕು. ಹಸುವಿಗೆ ಉಳಿದ ರಾಗಿ ಹುಲ್ಲಿಗೆ 5,000 ಸೇರಿಸಿ. ರಾಗಿಯ ಲಾಭ 16,000, ಜೋಳದ್ದು 19,000. ಉತ್ತರವೇ ತಿರುಗಿತು.

ಮುಯ್ಯಾಳು ಬಂದರೂ ಅದು ಬಿಟ್ಟಿಯಲ್ಲ. ನೀವು ಅವರ ಹೊಲಕ್ಕೆ ಹೋಗಿ ತೀರಿಸಲೇಬೇಕು. ಬಂದ ಆಳನ್ನು ಬರೆಯಿರಿ, ತೀರಿಸಿದ್ದನ್ನು ಮತ್ತೆ ಬರೆಯಬೇಡಿ. ಕೇಂದ್ರದ ಕೃಷಿ ವೆಚ್ಚ ಮತ್ತು ಬೆಲೆ ಆಯೋಗವೇ ಬೆಂಬಲ ಬೆಲೆ ಶಿಫಾರಸು ಮಾಡುವಾಗ ಮನೆಯವರ ದುಡಿಮೆಗೆ ಬೆಲೆ ಕಟ್ಟುತ್ತದೆ. ನಿಮ್ಮ ಹೊಲದಲ್ಲಿ ನೀವೇ ಅದನ್ನು ಸೊನ್ನೆ ಮಾಡಿಕೊಂಡರೆ ಹೇಗೆ? ಆದರೆ ಇದು ಜೇಬಿನಿಂದ ಹೋದ ಹಣವಲ್ಲ, ಹಾಗಾಗಿ ಬೇರೆ ಕಾಲಂನಲ್ಲಿರಲಿ. ಸಾಲದ ಕಂತಿಗೆ ಮೊದಲ ಕಾಲಂ ನೋಡಿ, ಯಾವ ಬೆಳೆ ಇಡಬೇಕೆಂಬುದಕ್ಕೆ ಎರಡನ್ನೂ ಕೂಡಿಸಿ ನೋಡಿ.

ಆಳಿನ ಲೆಕ್ಕವನ್ನು ಅಂದಂದೇ ಸಂಜೆ ಬರೆಯಿರಿ, ಅರ್ಧ ದಿನವಾದರೆ ಅರ್ಧ. ಸುಗ್ಗಿ ಮುಗಿದ ಮೇಲೆ ಕೂತರೆ ಕಳೆ ಕಿತ್ತ ದಿನಗಳೇ ಮರೆತಿರುತ್ತವೆ. ಮನೆಗೆ ಇಟ್ಟುಕೊಂಡ ರಾಗಿಯೂ ಇಳುವರಿಯೇ. ಜೋಳವನ್ನು ಒಣಗಿಸಿ, ಮಾರುವಾಗ ತೂಗಿದ್ದನ್ನೇ ಹಿಡಿಯಿರಿ.

ಕೇಳದಿದ್ದರೂ ಇನ್ನೊಂದು ಹೇಳಬೇಕು: ಎಷ್ಟಕ್ಕಿಂತ ಕಡಿಮೆಗೆ ಮಾರಬಾರದು? ರಾಗಿಯ ಒಟ್ಟು ಖರ್ಚು 31,000, ಹುಲ್ಲಿನ 5,000 ಕಳೆದರೆ 26,000. ಅದನ್ನು 12ರಿಂದ ಭಾಗಿಸಿದರೆ ಕ್ವಿಂಟಾಲಿಗೆ ಸುಮಾರು 2,170. ಜೋಳಕ್ಕೆ 25,000ವನ್ನು 22ರಿಂದ ಭಾಗಿಸಿ, ಸುಮಾರು 1,140. ವ್ಯಾಪಾರಿ ಕಣಕ್ಕೆ ಬರುವ ಮುನ್ನ ಈ ಎರಡು ಅಂಕಿ ಪುಸ್ತಕದ ಮೊದಲ ಹಾಳೆಯಲ್ಲಿ ಬರೆದಿರಲಿ.